ಕೆಳಕ್ಕೆ ಎಳೆದ ಫಾರ್ಮುಲಾ ಯಾಕೆ ಕೆಟ್ಟಿತು? ಇಂಟರ್ನ್ ಕೇಳಿದ ಪ್ರಶ್ನೆಗಳಿಗೆ ಉತ್ತರ

ನೀವು ಕಳಿಸಿದ ಅಡಿಕೆ ಖರೀದಿಯ ಎಕ್ಸೆಲ್ ಶೀಟ್ ನೋಡಿದೆ. ಮೊದಲ ಸಾಲು ಸರಿ ಇದೆ, ಉಳಿದ ನಾಲ್ಕೂ ತಪ್ಪಿವೆ. ಆದರೆ ನಾಲ್ಕೂ ಒಂದೇ ರೀತಿ ತಪ್ಪಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆಗಳ ಜೊತೆ, ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಕೇಳುವ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಲೆಕ್ಕ ಕಣ್ಣಿಗೆ ಸುಲಭವಾಗಲಿ ಅಂತ ಅಂಕಿಗಳನ್ನು ಬದಲಿಸಿದ್ದೇನೆ. ಇಲ್ಲಿರುವ ದರ ಇವತ್ತಿನ ಮಾರುಕಟ್ಟೆ ದರ ಅಲ್ಲ.

ಶೀಟ್‌ನಲ್ಲಿ ನಿಜವಾಗಿ ಏನಿತ್ತು?

`B2` ಸೆಲ್‌ನಲ್ಲಿ ಸಾಗಣೆ ಖರ್ಚು ಇದೆ, ಕಿಲೋಗೆ 2 ರೂಪಾಯಿ. 3ನೇ ಸಾಲು ಖಾಲಿ. 4ನೇ ಸಾಲಿನಲ್ಲಿ ತಲೆಬರಹಗಳು. 5ರಿಂದ 9ರವರೆಗೆ ಐದು ಕೇಂದ್ರಗಳು.

| ಸಾಲು | A: ಕೇಂದ್ರ | B: ತೂಕ (ಕಿಲೋ) | C: ದರ (ರೂ.) |
|---|---|---|---|
| 5 | ಬದಿಯಡ್ಕ | 500 | 400 |
| 6 | ಮುಳ್ಳೇರಿಯ | 300 | 410 |
| 7 | ಪೆರ್ಲ | 250 | 400 |
| 8 | ಕುಂಬಳೆ | 200 | 390 |
| 9 | ಉಪ್ಪಳ | 150 | 400 |

`D` ಕಾಲಂನಲ್ಲಿ ಸಾಗಣೆ ಕಳೆದು ಉಳಿಯುವ ಮೊತ್ತ ಬರಬೇಕು. ನೀವು `D5`ರಲ್ಲಿ ಬರೆದದ್ದು ಇದು:

```
=B5*C5-B5*B2
```

ತೂಕವನ್ನು ದರದಿಂದ ಗುಣಿಸಿದರೆ 2,00,000. ಸಾಗಣೆ ಖರ್ಚು 500 ಸಲ 2, ಅಂದರೆ 1,000. ಉಳಿದದ್ದು 1,99,000. ಬದಿಯಡ್ಕದ ಲೆಕ್ಕದಲ್ಲಿ ತಕರಾರಿಲ್ಲ. ಆಮೇಲೆ ಸೆಲ್‌ನ ಮೂಲೆ ಹಿಡಿದು 9ನೇ ಸಾಲಿನ ತನಕ ಎಳೆದಿರಿ. ಕೆಟ್ಟದ್ದು ಅಲ್ಲಿ.

ನಾನು ಅದೇ ಫಾರ್ಮುಲಾವನ್ನೇ ಅಲ್ವಾ ಕಾಪಿ ಮಾಡಿದ್ದು? ಬೇರೆ ಉತ್ತರ ಯಾಕೆ ಬಂತು?

ನೀವು ಬರೆದದ್ದು `B2`. ಎಕ್ಸೆಲ್ ಅರ್ಥ ಮಾಡಿಕೊಂಡದ್ದು "ನಾನಿರುವ ಜಾಗದಿಂದ ಮೂರು ಸಾಲು ಮೇಲೆ, ಎರಡು ಕಾಲಂ ಎಡಕ್ಕೆ" ಅಂತ. `D5`ರಲ್ಲಿ ನಿಂತು ನೋಡಿದರೆ ಎರಡೂ ಒಂದೇ ಸೆಲ್. `D6`ಕ್ಕೆ ಹೋದ ಕೂಡಲೇ ಮೂರು ಸಾಲು ಮೇಲೆ ಇರುವುದು `B3`. `D7`ಕ್ಕೆ ಅದು `B4`. ಹೀಗೆ ಒಂದೊಂದೇ ಜಾರುತ್ತಾ ಹೋಗುತ್ತದೆ. ಇದೇ ರಿಲೇಟಿವ್ ರೆಫರೆನ್ಸ್.

ಬದಿಯಡ್ಕದಲ್ಲಿ ಬಸ್ಸಿನಲ್ಲಿ ಕೂತವರಿಗೆ "ಮೂರು ಸ್ಟಾಪ್ ಹಿಂದೆ" ಅಂದರೆ ಒಂದು ಊರು, ಮುಳ್ಳೇರಿಯದಲ್ಲಿ ಕೂತವರಿಗೆ ಅದೇ ಮಾತಿಗೆ ಇನ್ನೊಂದು ಊರು. "ಕುಂಬಳೆ" ಅಂತ ಹೆಸರು ಹೇಳಿದರೆ ಎಲ್ಲಿ ಕೂತವರಿಗೂ ಒಂದೇ. `$B$2` ಅಂತ ಬರೆದರೆ ಹಾಗೆ ಹೆಸರು ಹೇಳಿದಂತೆ. ಇದು ಅಬ್ಸಲ್ಯೂಟ್ ರೆಫರೆನ್ಸ್.

ರಿಲೇಟಿವ್ ಆಗಿರುವುದು ದೋಷ ಅಂತ ತಿಳಿಯಬೇಡಿ. ನಿಮ್ಮ ಫಾರ್ಮುಲಾದಲ್ಲಿ `B5`, `C5` ಎರಡೂ ಜಾರಲೇಬೇಕು. 6ನೇ ಸಾಲಿಗೆ ಮುಳ್ಳೇರಿಯದ ತೂಕ, ಮುಳ್ಳೇರಿಯದ ದರವೇ ಬೇಕಲ್ವಾ? ಜಾರಬಾರದ ಒಂದೇ ಒಂದು ಸೆಲ್ `B2`.

ಪ್ರತಿ ಸಾಲಿನಲ್ಲೂ ಏನಾಯಿತು ಅಂತ ಬಿಡಿಸಿ ಹೇಳುತ್ತೀರಾ?

ಖಂಡಿತ. ಈ ಪುಟದಲ್ಲಿ ನೀವು ನಿಧಾನವಾಗಿ ಓದಬೇಕಾದ್ದು ಈ ಭಾಗ.

ಮುಳ್ಳೇರಿಯದ ಸಾಲಿನಲ್ಲಿ ಫಾರ್ಮುಲಾ `=B6*C6-B6*B3` ಆಯಿತು. `B3` ಖಾಲಿ. ಲೆಕ್ಕದಲ್ಲಿ ಖಾಲಿ ಸೆಲ್ ಬಂದರೆ ಎಕ್ಸೆಲ್ ಅದನ್ನು ಸೊನ್ನೆ ಅಂತ ಎಣಿಸುತ್ತದೆ, ಗಲಾಟೆ ಮಾಡುವುದಿಲ್ಲ. ಹಾಗಾಗಿ ಸಾಗಣೆ ಖರ್ಚು ಕಳೆಯಲೇ ಇಲ್ಲ. ಬಂದದ್ದು 1,23,000. ಬರಬೇಕಾದದ್ದು 1,22,400. ವ್ಯತ್ಯಾಸ ಬರೀ 600 ರೂಪಾಯಿ. ಕಣ್ಣಿಗೆ ಬೀಳುವ ಮೊತ್ತವೇ ಅಲ್ಲ.

ಪೆರ್ಲದ ಸಾಲಿನಲ್ಲಿ `=B7*C7-B7*B4`. `B4`ರಲ್ಲಿ ಇರುವುದು "ತೂಕ" ಎಂಬ ತಲೆಬರಹ. ಅಕ್ಷರವನ್ನು ಗುಣಿಸಲು ಆಗುವುದಿಲ್ಲ, ಆದ್ದರಿಂದ `#VALUE!` ಬಂತು. ತಲೆಬರಹ ಕನ್ನಡದಲ್ಲಿದ್ದರೂ ಮಲಯಾಳದಲ್ಲಿದ್ದರೂ ಇದೇ ಕಥೆ. ಆದರೆ ತಲೆಬರಹದ ಜಾಗದಲ್ಲಿ 2024 ಅಂತ ಬರೀ ಇಸವಿ ಇದ್ದಿದ್ದರೆ? ಎಕ್ಸೆಲ್ ಅದನ್ನು ಸಂಖ್ಯೆ ಅಂತಲೇ ತೆಗೆದುಕೊಂಡು ಗುಣಿಸಿಬಿಡುತ್ತಿತ್ತು. ಎರರ್ ಬರುತ್ತಿರಲಿಲ್ಲ.

ಕುಂಬಳೆಯ ಸಾಲಿನಲ್ಲಿ `=B8*C8-B8*B5`. ಈಗ ಸಾಗಣೆ ದರದ ಜಾಗದಲ್ಲಿ ಬದಿಯಡ್ಕದ ತೂಕ ಬಂದು ಕೂತಿದೆ. ಕಿಲೋಗೆ 500 ರೂಪಾಯಿ ಸಾಗಣೆ! 78,000ದಿಂದ 1,00,000 ಕಳೆದು ಮೈನಸ್ 22,000 ಬಂತು. ಅಡಿಕೆ ಕೊಟ್ಟ ಕೇಂದ್ರವೇ ನಮಗೆ ದುಡ್ಡು ಕೊಡಬೇಕು ಅನ್ನುವ ಲೆಕ್ಕ. ಸರಿಯಾದ ಮೊತ್ತ 77,600.

ಉಪ್ಪಳದ ಸಾಲಿನಲ್ಲಿ `=B9*C9-B9*B6`. ಮುಳ್ಳೇರಿಯದ 300 ಕಿಲೋ ಇಲ್ಲಿ ಸಾಗಣೆ ದರವಾಯಿತು. 60,000ದಿಂದ 45,000 ಹೋಗಿ 15,000 ಉಳಿಯಿತು. ಬರಬೇಕಾದದ್ದು 59,700.

ಈಗ ಹೇಳಿ, ನಾಲ್ಕರಲ್ಲಿ ಯಾವುದು ಅಪಾಯ? ಪೆರ್ಲದ್ದು ಅಲ್ಲ. ಅದು ತಾನೇ ಕೂಗಿ ಹೇಳಿತು. ಕುಂಬಳೆಯ ಮೈನಸ್ ಕೂಡ ಯಾರಾದರೂ ಹಿಡಿಯುತ್ತಾರೆ. ಉಪ್ಪಳದ 15,000 ಚಿಕ್ಕ ಕೇಂದ್ರ, ಕಡಿಮೆ ಮಾಲು ಅಂತ ಹಾಗೇ ದಾಟಿ ಹೋಗಬಹುದು. ಮುಳ್ಳೇರಿಯದ್ದನ್ನಂತೂ ಫಾರ್ಮುಲಾ ತೆರೆದು ನೋಡದೆ ಹಿಡಿಯುವುದು ಬಹಳ ಕಷ್ಟ. ನನ್ನ ಪ್ರಕಾರ ಶೀಟ್‌ನಲ್ಲಿ ಖಾಲಿ ಸೆಲ್ ಮಾಡುವಷ್ಟು ಹಾನಿ ಎರರ್ ಮಾಡುವುದಿಲ್ಲ.

`#VALUE!` ಬಂದ ಕಡೆ ನಾನು `IFERROR` ಹಾಕಿದೆ. ಅದು ತಪ್ಪೇ?

ಇಲ್ಲಿ ತಪ್ಪು. ಪೆರ್ಲದ ಸಾಲಿನಲ್ಲಿ ಈಗ ಇರುವುದು ಇದು:

```
=IFERROR(B7*C7-B7*B4,0)
```

ಅಂದರೆ "ಎರರ್ ಬಂದರೆ ಸೊನ್ನೆ ತೋರಿಸು". ಎರರ್ ಹೋಯಿತು, ಜೊತೆಗೆ ಪೆರ್ಲದ 99,500 ರೂಪಾಯಿಯೂ ಹೋಯಿತು. ಇನ್ನೊಂದು ನಷ್ಟವೂ ಆಯಿತು. `#VALUE!` ಹಾಗೇ ಇದ್ದಿದ್ದರೆ ಕೆಳಗಿನ `SUM` ಕೂಡ `#VALUE!` ಆಗುತ್ತಿತ್ತು. ಆಗ ಈ ಶೀಟ್ ಯಾರ ಕೈಗೂ ಹೋಗುತ್ತಿರಲಿಲ್ಲ. ಈಗ ಒಟ್ಟು 3,15,000 ಅಂತ ಚೆಂದದ ಅಂಕಿ ತೋರಿಸುತ್ತಿದೆ. ನಿಜವಾದ ಒಟ್ಟು 5,58,200.

`IFERROR` ಬೇಕಾಗುವ ಸಂದರ್ಭಗಳಿವೆ. ದರದ ಪಟ್ಟಿಯಲ್ಲಿ ಹುಡುಕಿದ ಹೆಸರು ಇರಲೂಬಹುದು, ಇಲ್ಲದಿರಲೂಬಹುದು ಅಂತ ನಮಗೆ ಮೊದಲೇ ಗೊತ್ತಿದ್ದರೆ ಅದನ್ನು ಬಳಸಬಹುದು. ಎರರ್ ಯಾಕೆ ಬಂತು ಅಂತ ಗೊತ್ತಿಲ್ಲದೆ ಮಾತ್ರ ಹಾಕಬೇಡಿ.

ಹಾಗಾದರೆ ಸರಿಯಾದ ಫಾರ್ಮುಲಾ ಯಾವುದು?

```
=B5*C5-B5*$B$2
```

`D5`ರಲ್ಲಿ ಇದನ್ನು ಬರೆದು ಮತ್ತೆ ಕೆಳಕ್ಕೆ ಎಳೆಯಬೇಕು. `D5`ನ್ನು ಮಾತ್ರ ತಿದ್ದಿ ಬಿಟ್ಟರೆ ಉಳಿದ ಸಾಲುಗಳು ತಾವಾಗಿ ಸರಿಯಾಗುವುದಿಲ್ಲ. ಕಾಪಿ ಆದ ಮೇಲೆ ಒಂದೊಂದು ಸೆಲ್‌ಗೂ ಅದರದ್ದೇ ಫಾರ್ಮುಲಾ. ಮೊದಲ ಸೆಲ್‌ನ ಜೊತೆ ಅದಕ್ಕೆ ಸಂಬಂಧ ಉಳಿಯುವುದಿಲ್ಲ. ಎಳೆದ ಮೇಲೆ `D9`ರಲ್ಲಿ `=B9*C9-B9*$B$2` ಅಂತ ಇರಬೇಕು.

ಡಾಲರ್ ಚಿಹ್ನೆ ಕೈಯಲ್ಲೇ ಟೈಪ್ ಮಾಡಬೇಕಾ?

ಬೇಡ. ಫಾರ್ಮುಲಾ ಬರೆಯುವಾಗ ಕರ್ಸರ್ `B2` ಮೇಲೆ ಇಟ್ಟು `F4` ಒತ್ತಿ. ಒಂದು ಸಲ ಒತ್ತಿದರೆ `$B$2`, ಇನ್ನೊಮ್ಮೆ `B$2`, ಮತ್ತೊಮ್ಮೆ `$B2`, ನಾಲ್ಕನೇ ಸಲ ಪುನಃ `B2`. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ `Fn` ಜೊತೆಗೆ ಒತ್ತಬೇಕು. ಸೆಲ್ ಒಳಗೆ ಹೋಗಿ ಎಡಿಟ್ ಮಾಡುತ್ತಿರುವಾಗ ಮಾತ್ರ ಇದು ಹೀಗೆ ಕೆಲಸ ಮಾಡುತ್ತದೆ. ಸುಮ್ನೆ ಸೆಲ್ ಸೆಲೆಕ್ಟ್ ಮಾಡಿ ಒತ್ತಿದರೆ ಎಕ್ಸೆಲ್ ನಿಮ್ಮ ಹಿಂದಿನ ಕೆಲಸವನ್ನು ಇನ್ನೊಮ್ಮೆ ಮಾಡಿಬಿಡುತ್ತದೆ. ಗೂಗಲ್ ಶೀಟ್ಸ್‌ನಲ್ಲೂ `F4` ಇದೆ. ಇಲ್ಲಿನ ಶಾಲೆಯಲ್ಲಿ ಐಟಿ ಪಾಠಕ್ಕೆ ಲಿಬ್ರೆ ಆಫೀಸ್ ಬಳಸಿದ್ದರೆ ಅದರ ಕ್ಯಾಲ್ಕ್‌ನಲ್ಲಿಯೂ ಡಾಲರ್‌ನ ಅರ್ಥ ಇದೇ.

ಎಲ್ಲ ಸೆಲ್‌ಗೂ ಡಾಲರ್ ಹಾಕಿಬಿಟ್ಟರೆ ತಲೆನೋವೇ ಇಲ್ಲ ಅಲ್ವಾ?

ಹಾಕಿ ನೋಡಿ. ಐದೂ ಕೇಂದ್ರಗಳ ಮುಂದೆ 1,99,000 ಬರುತ್ತದೆ. ಎಲ್ಲರಿಗೂ ಬದಿಯಡ್ಕದ ಲೆಕ್ಕ.

`B2` ಬದಲು ಫಾರ್ಮುಲಾದಲ್ಲೇ 2 ಅಂತ ಬರೆದರೆ?

ಇವತ್ತಿಗೆ ಉತ್ತರ ಸರಿ ಬರುತ್ತದೆ. ಸಾಗಣೆ ಎರಡೂವರೆ ರೂಪಾಯಿ ಆದ ದಿನ ಎಲ್ಲ ಸಾಲುಗಳನ್ನೂ ತಿದ್ದಬೇಕು. ಯಾರಾದರೂ `B2` ತಿದ್ದಿ "ಆಯಿತು" ಅಂದುಕೊಂಡರೆ ಏನೂ ಬದಲಾಗಿರುವುದಿಲ್ಲ. ದರ ಒಂದೇ ಕಡೆ ಇರಲಿ.

ಇಷ್ಟು ತಪ್ಪಿದ್ದರೂ ಎಕ್ಸೆಲ್ ಯಾಕೆ ಎಚ್ಚರಿಸಲಿಲ್ಲ? ಹಸಿರು ತ್ರಿಕೋನ ಬರಬೇಕಿತ್ತಲ್ಲ?

ಒಳ್ಳೆಯ ಪ್ರಶ್ನೆ. ಸೆಲ್‌ನ ಮೂಲೆಯಲ್ಲಿ ಬರುವ ಹಸಿರು ತ್ರಿಕೋನಕ್ಕೆ ಹಲವು ಕಾರಣಗಳಿವೆ. ಅದರಲ್ಲಿ ಒಂದು, ಅಕ್ಕಪಕ್ಕದ ಫಾರ್ಮುಲಾಗಳಿಗೆ ಇದು ಹೊಂದುವುದಿಲ್ಲ ಎನ್ನುವುದು. ನಿಮ್ಮ ಶೀಟ್‌ನಲ್ಲಿ `IFERROR` ಹಾಕುವ ಮೊದಲು ಐದೂ ಸಾಲು ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು! ಐದೂ "ಮೂರು ಸಾಲು ಮೇಲೆ" ಅಂತಲೇ ಹೇಳುತ್ತಿವೆ.

ಇದನ್ನು ಕಣ್ಣಾರೆ ನೋಡಬೇಕಾದರೆ `File > Options > Formulas` ಒಳಗೆ `R1C1 reference style` ಆನ್ ಮಾಡಿ. ನಿಮ್ಮ ಹಳೆಯ ಫಾರ್ಮುಲಾ `D5`ರಿಂದ `D9`ರ ತನಕ ಒಂದಕ್ಷರವೂ ಬದಲಾಗದೆ ಹೀಗೆ ಕಾಣುತ್ತದೆ (ಪೆರ್ಲದ ಸಾಲಿಗೆ ಮಾತ್ರ ಮೇಲೊಂದು `IFERROR` ಹೊದಿಕೆ):

```
=RC[-2]*RC[-1]-RC[-2]*R[-3]C[-2]
```

`R[-3]C[-2]` ಅಂದರೆ ಮೂರು ಸಾಲು ಮೇಲೆ, ಎರಡು ಕಾಲಂ ಎಡಕ್ಕೆ. ಡಾಲರ್ ಹಾಕಿದ ಮೇಲೆ ಆ ಜಾಗದಲ್ಲಿ `R2C2` ಅಂತ ಬರುತ್ತದೆ. ಚೌಕ ಬ್ರಾಕೆಟ್ ಇಲ್ಲ, ಅಂದರೆ ಎರಡನೇ ಸಾಲು, ಎರಡನೇ ಕಾಲಂ, ಅಷ್ಟೇ. ನೋಡಿ ಆದ ಮೇಲೆ ಆಫ್ ಮಾಡಿ. ಇಲ್ಲದಿದ್ದರೆ ಕಾಲಂಗಳ ತಲೆಯ ಮೇಲೆ ಎ, ಬಿ, ಸಿ ಬದಲು ಅಂಕಿ ಕಂಡು ಮುಂದೆ ಫೈಲ್ ತೆರೆದವರು ಗಾಬರಿ ಬೀಳುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ. ನಡುವಿನ ಒಂದು ಸಾಲನ್ನು ಮಾತ್ರ ನೀವು ಸರಿಪಡಿಸಿದರೆ, ಸರಿಯಾದ ಆ ಸೆಲ್‌ಗೇ ಹಸಿರು ತ್ರಿಕೋನ ಬರಬಹುದು. ತಪ್ಪಿನ ಗುಂಪಿನಲ್ಲಿ ಅದೊಂದೇ ಬೇರೆ ಅಲ್ವಾ?

ಖಾಲಿ ಸೆಲ್‌ನ ವಿಷಯಕ್ಕೆ ಒಂದು ಉಪಾಯ ಇದೆ. ಅದೇ `Formulas` ಪುಟದ ಕೆಳಗೆ ಎರರ್ ಹುಡುಕುವ ನಿಯಮಗಳಿವೆ. ಅಲ್ಲಿ `Formulas referring to empty cells` ಎಂಬುದು ಮೊದಲಿನಿಂದಲೇ ಆಫ್ ಆಗಿರುತ್ತದೆ. ಟಿಕ್ ಹಾಕಿದರೆ ಮುಳ್ಳೇರಿಯದಂಥ ಸಾಲಿಗೆ ಗುರುತು ಬರುತ್ತದೆ. ನಮ್ಮಂಥ ಶೀಟ್‌ಗಳಿಗೆ ಅದನ್ನು ಆನ್ ಇಡುವುದೇ ಒಳ್ಳೆಯದು.

ಕಳಿಸುವ ಮುಂಚೆ ನಾನೇ ಹೇಗೆ ಪರೀಕ್ಷಿಸಲಿ?

ಮೊದಲ ಸಾಲು ನೋಡಬೇಡಿ. ಅದು ನೀವೇ ಬರೆದದ್ದು, ಸರಿಯಾಗಿಯೇ ಇರುತ್ತದೆ. ಕೊನೆಯ ಸಾಲಿಗೆ ಹೋಗಿ `F2` ಒತ್ತಿ. ಫಾರ್ಮುಲಾ ಮುಟ್ಟುವ ಸೆಲ್‌ಗಳ ಸುತ್ತ ಬಣ್ಣದ ಚೌಕಟ್ಟು ಬರುತ್ತದೆ. ಉಪ್ಪಳದ ಸಾಲಿನಲ್ಲಿ ಒಂದು ಚೌಕಟ್ಟು ಮುಳ್ಳೇರಿಯದ ತೂಕದ ಮೇಲೆ ಕೂತದ್ದು ಅಲ್ಲೇ ಗೊತ್ತಾಗುತ್ತಿತ್ತು. ನೋಡಿ ಆದ ಮೇಲೆ `Esc` ಒತ್ತಿ ಹೊರಗೆ ಬನ್ನಿ. `Enter` ಒತ್ತಬೇಡಿ, ಅರಿವಿಲ್ಲದೆ ಏನಾದರೂ ಟೈಪ್ ಆಗಿದ್ದರೆ ಅದು ಉಳಿದುಬಿಡುತ್ತದೆ. ಎಲ್ಲ ಫಾರ್ಮುಲಾಗಳನ್ನೂ ಒಟ್ಟಿಗೆ ನೋಡಬೇಕಿದ್ದರೆ ``Ctrl+` `` ಒತ್ತಿ. ಆ ಕೀ ಸಾಮಾನ್ಯವಾಗಿ 1ರ ಎಡಕ್ಕೆ, `Esc` ಕೆಳಗೆ ಇರುತ್ತದೆ.

ಆಮೇಲೆ ಒಟ್ಟನ್ನು ಇನ್ನೊಂದು ದಾರಿಯಿಂದ ಲೆಕ್ಕ ಹಾಕಿ. ನಾನು ಮಾಡಿದ್ದು ಹೀಗೆ:

```
=SUMPRODUCT(B5:B9,C5:C9)-SUM(B5:B9)*B2
```

ತೂಕ ಮತ್ತು ದರದ ಗುಣಲಬ್ಧಗಳ ಮೊತ್ತ 5,61,000. ಒಟ್ಟು ತೂಕ 1,400 ಕಿಲೋ, ಅದಕ್ಕೆ ಸಾಗಣೆ 2,800. ಉಳಿಯುವುದು 5,58,200. ಇದು `D` ಕಾಲಂ ಮೂಲಕ ಹೋಗುವುದೇ ಇಲ್ಲ, ಹಾಗಾಗಿ ಅಲ್ಲಿನ ತಪ್ಪು ಇಲ್ಲಿಗೆ ಹರಿಯುವುದಿಲ್ಲ. ಎರಡೂ ಹೊಂದದಿದ್ದರೆ `D` ಕಾಲಂನಲ್ಲಿ ಏನೋ ಜಾರಿದೆ ಅಂತ ಅರ್ಥ. ಇಲ್ಲಿ `B2`ಗೆ ಡಾಲರ್ ಯಾಕಿಲ್ಲ ಅಂತ ಕೇಳಬಹುದು. ಈ ಫಾರ್ಮುಲಾ ಒಂದೇ ಸೆಲ್‌ನಲ್ಲಿ ಇರುತ್ತದೆ, ಎಲ್ಲಿಗೂ ಕಾಪಿ ಆಗುವುದಿಲ್ಲ. ಅಲ್ಲಿ ಡಾಲರ್ ಇದ್ದರೂ ಇಲ್ಲದಿದ್ದರೂ ಒಂದೇ.

`B$2`, `$B2` ಅಂತ ಅರ್ಧ ಡಾಲರ್ ಯಾವಾಗ ಬೇಕು?

ಫಾರ್ಮುಲಾ ಕೆಳಕ್ಕೂ ಬಲಕ್ಕೂ ಹೋಗಬೇಕಾದಾಗ. ದರ 390, 400, 410 ಆದರೆ ಪ್ರತಿ ಕೇಂದ್ರಕ್ಕೂ ಎಷ್ಟಾಗುತ್ತದೆ ಅಂತ ಒಂದು ಪಟ್ಟಿ ಮಾಡಲು ಹೇಳಿದ್ದೆನಲ್ಲ, ಅದು ಇಂಥದ್ದೇ. ಆ ಪಟ್ಟಿಯ ಶೀಟ್‌ನಲ್ಲಿ ತೂಕ `B5`ರಿಂದ ಕೆಳಕ್ಕೆ. ಮೂರು ದರಗಳು `C4`, `D4`, `E4`ರಲ್ಲಿ ಅಡ್ಡಕ್ಕೆ. ಸಾಗಣೆ ಅಲ್ಲೂ `B2`ರಲ್ಲೇ. `C5`ರಲ್ಲಿ ಬರೆಯಬೇಕಾದದ್ದು:

```
=$B5*(C$4-$B$2)
```

ಬಲಕ್ಕೆ ಹೋದರೂ ತೂಕ `B` ಕಾಲಂನಲ್ಲೇ ಇರಬೇಕು, ಆದರೆ ಕೆಳಕ್ಕೆ ಹೋದಾಗ ಸಾಲು ಬದಲಾಗಬೇಕು. ಅದಕ್ಕೆ `$B5`. ದರಕ್ಕೆ ಇದರ ಉಲ್ಟಾ. ಕಾಲಂ ಬದಲಾಗಲಿ, ಸಾಲು 4ರಲ್ಲೇ ನಿಲ್ಲಲಿ. ಅದಕ್ಕೆ `C$4`. ಸಾಗಣೆ ಎತ್ತಲೂ ಅಲುಗಾಡಬಾರದು. ಡಾಲರ್ ಯಾವುದರ ಎಡಕ್ಕೆ ಇದೆಯೋ ಅದು ಗಟ್ಟಿ, ಅಷ್ಟು ನೆನಪಿಟ್ಟರೆ ಸಾಕು. ಬದಿಯಡ್ಕಕ್ಕೆ 390ರ ದರದಲ್ಲಿ 1,94,000 ಬರಬೇಕು. ಬಲಗಡೆ ತುದಿಯಲ್ಲಿ, ಕುಂಬಳೆಗೆ 410ರ ದರದಲ್ಲಿ 81,600.

ಡಾಲರ್ ಇಲ್ಲದೆ `=B5*(C4-B2)` ಅಂತ ಬರೆದು ಬಲಕ್ಕೆ ಎಳೆದರೆ `D5`ರಲ್ಲಿ `=C5*(D4-C2)` ಆಗುತ್ತದೆ. ಅಂದರೆ ತೂಕದ ಬದಲು ಪಕ್ಕದ ಸೆಲ್‌ನ ಮೊತ್ತ, ಸಾಗಣೆಯ ಬದಲು ಖಾಲಿ ಸೆಲ್. 1,94,000ವನ್ನು 400ರಿಂದ ಗುಣಿಸಿ 7,76,00,000. ಬದಿಯಡ್ಕದ ಐದು ಕ್ವಿಂಟಾಲ್ ಅಡಿಕೆಗೆ ಏಳು ಮುಕ್ಕಾಲು ಕೋಟಿ!

ಡಾಲರ್ ಹಾಕಿದ ಮೇಲೆ ಮೇಲುಗಡೆ ಒಂದು ಸಾಲು ಸೇರಿಸಿದರೆ ಫಾರ್ಮುಲಾ ಕೆಡುತ್ತದಾ?

ಕೆಡುವುದಿಲ್ಲ. ಸಾಗಣೆ ದರ ಒಂದು ಸಾಲು ಕೆಳಗಿಳಿದು `B3`ಕ್ಕೆ ಬಂದರೆ ಎಕ್ಸೆಲ್ ತಾನೇ `$B$3` ಅಂತ ತಿದ್ದಿಕೊಳ್ಳುತ್ತದೆ. ಡಾಲರ್ ತಡೆಯುವುದು ಕಾಪಿ ಮಾಡುವಾಗಿನ ಜಾರುವಿಕೆಯನ್ನು ಮಾತ್ರ.

ಕಟ್ ಮಾಡಿ ಬೇರೆ ಕಡೆ ಅಂಟಿಸುವುದೂ ಕಾಪಿಯಂತೆ ಅಲ್ಲ. `D5`ನ್ನು `Ctrl+X` ಮಾಡಿ ಎಲ್ಲಿ ಹಾಕಿದರೂ ಅದರೊಳಗಿನ ಹೆಸರುಗಳು ಹಾಗೇ ಇರುತ್ತವೆ, ಡಾಲರ್ ಇರಲಿ ಇಲ್ಲದಿರಲಿ. `B2`ನ್ನೇ ಕಟ್ ಮಾಡಿ `G1`ರಲ್ಲಿ ಹಾಕಿದರೆ ಎಲ್ಲ ಫಾರ್ಮುಲಾಗಳೂ ಅದರ ಹಿಂದೆ `G1`ಕ್ಕೆ ಹೋಗುತ್ತವೆ.

ಬೇರೆ ಶೀಟ್‌ಗೆ ಕಾಪಿ ಮಾಡಿದರೆ?

ಇಲ್ಲಿ ಡಾಲರ್ ನಿಮ್ಮನ್ನು ಕಾಯುವುದಿಲ್ಲ. `$B$2` ಅಂದರೆ "ಈ ಫಾರ್ಮುಲಾ ಇರುವ ಶೀಟ್‌ನ `B2`". ಹೊಸ ಶೀಟ್‌ನ `B2` ಖಾಲಿ ಇದ್ದರೆ ಎಲ್ಲ ಸಾಲುಗಳೂ ಮುಳ್ಳೇರಿಯದಂತೆ ಸದ್ದಿಲ್ಲದೆ ತಪ್ಪುತ್ತವೆ. ಇಂಥ ಕಡೆ ನಾನು ಸೆಲ್‌ಗೆ ಹೆಸರು ಕೊಡುತ್ತೇನೆ. `B2` ಸೆಲೆಕ್ಟ್ ಮಾಡಿ, ಫಾರ್ಮುಲಾ ಬಾರ್‌ನ ಎಡಕ್ಕಿರುವ ಚಿಕ್ಕ ಪೆಟ್ಟಿಗೆಯಲ್ಲಿ `saagane` ಅಂತ ಬರೆದು `Enter` ಒತ್ತಿ. ಆಮೇಲೆ:

```
=B5*C5-B5*saagane
```

ಆ ಫೈಲ್‌ನ ಯಾವ ಶೀಟ್‌ನಲ್ಲಿ ಬರೆದರೂ ಇದು ಅದೇ ಸೆಲ್‌ಗೆ ಹೋಗುತ್ತದೆ. ಓದುವವರಿಗೂ ಏನು ಕಳೆಯುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಎರಡು ಮೂರು ದರಗಳಿದ್ದರೆ ಡಾಲರ್‌ಗಿಂತ ಇದೇ ಮೇಲು ಅಂತ ನನಗೆ ಅನ್ನಿಸುತ್ತದೆ.

ಈಗ ಈ ಶೀಟ್‌ನಲ್ಲಿ ನಾನು ಏನೇನು ತಿದ್ದಲಿ?

`D5`ರಲ್ಲಿ ಡಾಲರ್ ಹಾಕಿ `D9`ರ ತನಕ ಮತ್ತೆ ಎಳೆಯಿರಿ. ಪೆರ್ಲದ `IFERROR` ಆಗ ಅಳಿಸಿ ಹೋಗುತ್ತದೆ, ಆದರೂ ಹೋಗಿದೆಯಾ ಅಂತ ನೋಡಿ. `D9`ರಲ್ಲಿ `F2` ಒತ್ತಿ ಚೌಕಟ್ಟು `B2` ಮೇಲೆ ಇದೆಯಾ ನೋಡಿ. ಒಟ್ಟು 5,58,200 ಬಂದರೆ ಪರೀಕ್ಷೆಯ ಫಾರ್ಮುಲಾವನ್ನು `D11`ರಲ್ಲಿ ಹಾಗೇ ಬಿಡಿ, ಅಳಿಸಬೇಡಿ. ಹಳೆಯ ಶೀಟ್ ಈಗಾಗಲೇ ಯಾವುದಾದರೂ ಕೇಂದ್ರಕ್ಕೆ ಹೋಗಿದ್ದರೆ ಇವತ್ತೇ ಫೋನ್ ಮಾಡಿ ತಿಳಿಸಿ. ಕುಂಬಳೆಯವರು ತಾವೇ ಮಾಡುತ್ತಾರೆ, ಮೊದಲು ಮುಳ್ಳೇರಿಯಕ್ಕೆ ಮಾಡಿ.